ಖಾಸಗಿ ಕಂಪನಿಯ ವಾರ್ಷಿಕ ಸಾಮಾನ್ಯ ಸಭೆ: ನೋಟಿಸ್, ಪ್ರಾಕ್ಸಿ, ಪೋಲ್, ನಡಾವಳಿ – ಹೋದ ವರ್ಷದ ತಪ್ಪು ಈ ಸಲ ಆಗಬಾರದು

ತೋಟಿಗ, ಶಿರಸಿ (2025ರ ಆಗಸ್ಟ್ 11)

ಎಲ್ಲರಿಗೂ ನಮಸ್ಕಾರ. ನಮ್ಮ ಭಾಗದ ಅಡಿಕೆ ಬೆಳೆಗಾರರು ಸೇರಿ ಮಾಡಿಕೊಂಡಿರುವ ಸಣ್ಣ ಸಂಸ್ಕರಣಾ ಘಟಕವೊಂದು ಖಾಸಗಿ ಕಂಪನಿಯಾಗಿ ನೋಂದಣಿಯಾಗಿದೆ. ಷೇರುದಾರರು 38 ಜನ, ತಲಾ ನೂರು ರೂಪಾಯಿಯ 60,000 ಷೇರುಗಳು, ಒಟ್ಟು ಬಂಡವಾಳ 60 ಲಕ್ಷ ರೂಪಾಯಿ. ಹೋದ ವರ್ಷದ ವಾರ್ಷಿಕ ಸಭೆಯಲ್ಲಿ ಆದ ಗೊಂದಲದಿಂದ ಊರಿನಲ್ಲಿ ಎರಡು ಪಂಗಡಗಳಾಗಿವೆ. ಈ ವರ್ಷ ಸಭೆಯ ಕಾಗದಪತ್ರ ನೋಡಿಕೊಳ್ಳುವ ಹೊಣೆಯನ್ನು ನಿರ್ದೇಶಕರು ನನಗೇ ಒಪ್ಪಿಸಿರುವುದರಿಂದ, ತಪ್ಪಾದದ್ದು ಎಲ್ಲಿ ಎಂದು ತಿಳಿದುಕೊಳ್ಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ.

ನಡೆದದ್ದು ಹೀಗೆ. ಸಭೆ 2024ರ ಸೆಪ್ಟೆಂಬರ್ 30ರ ಸೋಮವಾರ ಬೆಳಿಗ್ಗೆ 11 ಗಂಟೆಗೆ. ನೋಟಿಸ್ ಅಂಚೆಗೆ ಹಾಕಿದ್ದು ಸೆಪ್ಟೆಂಬರ್ 9ರಂದು. ನಿವೃತ್ತರಾಗಬೇಕಿದ್ದ ನಿರ್ದೇಶಕರೊಬ್ಬರನ್ನು ಮತ್ತೆ ನೇಮಿಸುವ ನಿರ್ಣಯ ಬಂದಾಗ ಸಭೆಯಲ್ಲಿ 22 ಷೇರುದಾರರಿದ್ದರು. ಕೈ ಎತ್ತಿದಾಗ 13 ಜನ ಪರ, 9 ಜನ ವಿರೋಧ. ಅಧ್ಯಕ್ಷರು ನಿರ್ಣಯ ಅಂಗೀಕಾರವಾಯಿತೆಂದು ಘೋಷಿಸಿ ಮುಂದಿನ ವಿಷಯಕ್ಕೆ ಹೋದರು. ವಿರೋಧಿಸಿದವರಲ್ಲಿ ನಾನೂ ಒಬ್ಬ, ಮತ್ತು ನನ್ನ ಕೈಯಲ್ಲಿ ಬರಲಾಗದ ಏಳು ಜನ ತಮ್ಮ ಪರವಾಗಿ ಮತ ಹಾಕಲು ಬರೆದುಕೊಟ್ಟ ಪ್ರಾಕ್ಸಿ ಪತ್ರಗಳಿದ್ದವು. ಹತ್ತು ನಿಮಿಷದ ನಂತರ ನನಗೆ ಹೊಳೆದು, ಷೇರುಗಳ ಲೆಕ್ಕದಲ್ಲಿ ಮತ ಎಣಿಸಿ ಎಂದು ಕೇಳಿದೆ. ಆಗದು ಎಂದರು. ಆಮೇಲೆ ನಡಾವಳಿ ಓದಿದರೆ ಅದರಲ್ಲಿ ‘ಸರ್ವಾನುಮತದಿಂದ’ ಎಂದಿದೆ. ಅದಕ್ಕೆ ಅಧ್ಯಕ್ಷರು ಸಹಿ ಹಾಕಿದ್ದು ನವೆಂಬರ್ 14ರಂದು.

ಇವುಗಳಲ್ಲಿ ಯಾವುದು ಕಾನೂನಿನ ಪ್ರಕಾರ ಸರಿ, ಯಾವುದು ತಪ್ಪು ಎಂದು ತಿಳಿದವರು ದಯವಿಟ್ಟು ಹೇಳಬೇಕು. ಈ ವರ್ಷ ಸೆಪ್ಟೆಂಬರ್ 27ರ ಶನಿವಾರ 11 ಗಂಟೆಗೆ ಸಭೆ ಇಟ್ಟುಕೊಳ್ಳುವ ಆಲೋಚನೆ ಇದೆ.

ನಿವೃತ್ತ ಬ್ಯಾಂಕ್ ನೌಕರ, ಸಾಗರ

ತೋಟಿಗರೇ, ನಮ್ಮ ಸಹಕಾರ ಸಂಘದಲ್ಲಿ ಪ್ರಾಕ್ಸಿ ಎಂಬುದೇ ಇಲ್ಲ. ಸದಸ್ಯನೇ ಖುದ್ದಾಗಿ ಬಂದು ಮತ ಹಾಕಬೇಕು, ಒಬ್ಬನಿಗೆ ಒಂದೇ ಮತ. ಷೇರು ಎಷ್ಟಿದ್ದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಆ ಹಿನ್ನೆಲೆಯಲ್ಲಿ ನೋಡಿದರೆ 13ಕ್ಕೆ 9 ಎಂದಮೇಲೆ ನಿರ್ಣಯ ಗೆದ್ದ ಹಾಗೆಯೇ. ಇನ್ನು ನೋಟಿಸ್ 9ನೇ ತಾರೀಖಿಗೆ ಕಳಿಸಿ 30ಕ್ಕೆ ಸಭೆ ಮಾಡಿದರೆ ಇಪ್ಪತ್ತೊಂದು ದಿನ ಸರಿಯಾಗಿ ಆಯಿತಲ್ಲ?

ಸಿಎಸ್, ಧಾರವಾಡ

ಇಪ್ಪತ್ತು ವರ್ಷಗಳಿಂದ ಕಂಪನಿ ಕಾರ್ಯದರ್ಶಿಯಾಗಿ ಕೆಲಸ ಮಾಡುತ್ತಿದ್ದೇನೆ. ಸಣ್ಣ ಕಂಪನಿಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪುಗಳೆಲ್ಲ ತೋಟಿಗರ ಒಂದೇ ಸಭೆಯಲ್ಲಿ ಸೇರಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಸಾಗರದ ಹಿರಿಯರ ಮಾತು. ಸಹಕಾರ ಸಂಘದ ಬಗ್ಗೆ ತಾವು ಹೇಳಿದ್ದು ಸರಿಯಾಗಿದೆ ಸರ್, ಆದರೆ ಇದು 2013ರ ಕಂಪನಿ ಕಾಯ್ದೆಗೆ ಒಳಪಟ್ಟ ಸಂಸ್ಥೆ. ಇಲ್ಲಿ ಕೈ ಎತ್ತಿದಾಗ ಒಬ್ಬರಿಗೆ ಒಂದು ಮತ, ಪೋಲ್ ಆದಾಗ ಒಂದು ಷೇರಿಗೆ ಒಂದು ಮತ. ಒಂದೇ ನಿರ್ಣಯ ಒಂದು ಎಣಿಕೆಯಲ್ಲಿ ಗೆದ್ದು ಇನ್ನೊಂದರಲ್ಲಿ ಸೋಲಬಹುದು.

ನೋಟಿಸ್ ವಿಚಾರಕ್ಕೆ ಬರುತ್ತೇನೆ. ಕಾಯ್ದೆಯ 101ನೇ ಕಲಂ ಕೇಳುವುದು ಇಪ್ಪತ್ತೊಂದು ‘ಪೂರ್ಣ’ ದಿನಗಳನ್ನು. ಕಳಿಸಿದ ದಿನವನ್ನೂ ಸಭೆಯ ದಿನವನ್ನೂ ಎಣಿಸುವಂತಿಲ್ಲ. ಅಂಚೆಯಲ್ಲಿ ಅಥವಾ ಕೊರಿಯರ್‌ನಲ್ಲಿ ಕಳಿಸಿದರೆ, ಪತ್ರ ಕೈಸೇರಲು ಎಂದು ಇನ್ನೂ ಎರಡು ದಿನ ಬಿಡಬೇಕು. ಹೋದ ವರ್ಷದ ಲೆಕ್ಕ ಹಾಕಿ ನೋಡಿ. ಸೆಪ್ಟೆಂಬರ್ 10ರಿಂದ 29ರವರೆಗೆ ಇರುವುದೇ 20 ದಿನ, ಅದರಲ್ಲಿ ಅಂಚೆಯ ಎರಡು ದಿನ ಕಳೆದರೆ 18. ಅಂದರೆ ಮೂರು ದಿನ ಕಡಿಮೆಯಾಗಿದೆ.

ಈ ವರ್ಷ ಸಭೆಯಿಂದ ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಸೆಪ್ಟೆಂಬರ್ 27 ಸಭೆಯ ದಿನ. ಅದರ ಹಿಂದಿನ ಇಪ್ಪತ್ತೊಂದು ಪೂರ್ಣ ದಿನಗಳೆಂದರೆ 6ರಿಂದ 26ರವರೆಗೆ. ಇಮೇಲ್‌ನಲ್ಲಿ ಕಳಿಸುವುದಾದರೆ 5ನೇ ತಾರೀಖು ಕೊನೆಯ ದಿನ. ಅಂಚೆಯಲ್ಲಾದರೆ 4 ಮತ್ತು 5 ಅಂಚೆಗೆ ಹೋಗುವುದರಿಂದ 3ನೇ ತಾರೀಖಿನೊಳಗೆ ಪತ್ರಗಳು ಅಂಚೆ ಕಚೇರಿ ಸೇರಿರಬೇಕು. ಕೊನೆಯ ದಿನದವರೆಗೆ ಕಾಯದೆ 1ನೇ ತಾರೀಖಿಗೇ ಹಾಕಿ, ರಸೀದಿಗಳನ್ನು ಒಂದು ಕಡತದಲ್ಲಿ ಜೋಪಾನ ಮಾಡಿ. ಮುಂದೆ ಯಾರಾದರೂ ‘ನನಗೆ ನೋಟಿಸ್ ಬಂದಿಲ್ಲ’ ಎಂದರೆ ಆ ರಸೀದಿಯೇ ನಿಮ್ಮ ಉತ್ತರ.

ದಿನಾಂಕದ ಆಯ್ಕೆಯಲ್ಲಿ ತಕರಾರಿಲ್ಲ. ಮಾರ್ಚ್ 31ಕ್ಕೆ ಲೆಕ್ಕ ಮುಗಿಯುವ ಕಂಪನಿಗೆ ಸೆಪ್ಟೆಂಬರ್ 30 ಗಡುವು. ಹಿಂದಿನ ವಾರ್ಷಿಕ ಸಭೆಯಿಂದ ಹದಿನೈದು ತಿಂಗಳು ಮೀರಿರಬಾರದು, ರಾಷ್ಟ್ರೀಯ ರಜಾದಿನ ಆಗಿರಬಾರದು, ಸಭೆ ಬೆಳಿಗ್ಗೆ 9ರಿಂದ ಸಂಜೆ 6ರ ನಡುವೆ ಕರೆದಿರಬೇಕು. ಇವೆಲ್ಲ ನಿಮ್ಮಲ್ಲಿ ಸರಿಯಾಗಿವೆ.

ಆಡಿಟ್ ಮನೆ

ಮೇಡಂ, ತಮ್ಮ ಅನುಭವದ ಬಗ್ಗೆ ಗೌರವವಿದ್ದೇ ಒಂದು ಆಕ್ಷೇಪ ಎತ್ತುತ್ತೇನೆ. ಇಪ್ಪತ್ತೊಂದು ದಿನದ ನಿಯಮ ಸಾರ್ವಜನಿಕ ಕಂಪನಿಗಳಿಗೆ. ಖಾಸಗಿ ಕಂಪನಿಗಳಿಗೆ 2015ರ ಜೂನ್ 5ರ ಅಧಿಸೂಚನೆಯಲ್ಲಿ ಇದರಿಂದ ವಿನಾಯಿತಿ ಕೊಟ್ಟಿದ್ದಾರೆ. ನಾನು ಲೆಕ್ಕ ನೋಡುವ ಎರಡು ಕಂಪನಿಗಳಲ್ಲಿ ಏಳು ದಿನದ ನೋಟಿಸ್‌ನಲ್ಲೇ ಸಭೆ ನಡೆಯುತ್ತದೆ. ಆದ್ದರಿಂದ ತೋಟಿಗರ ಕಂಪನಿಯ ನೋಟಿಸ್‌ನಲ್ಲಿ ದೋಷವೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಸಿಎಸ್, ಧಾರವಾಡ

ಅಧಿಸೂಚನೆಯ ನೆನಪು ಸರಿಯಾಗಿದೆ, ಆದರೆ ಅದರಲ್ಲಿರುವ ಷರತ್ತನ್ನು ಬಿಟ್ಟಿದ್ದೀರಿ. ನೋಟಿಸ್, ಕೋರಂ, ಪ್ರಾಕ್ಸಿ, ಕೈ ಎತ್ತುವ ಮತ, ಪೋಲ್ ಇವುಗಳ ಕಲಂಗಳು ಖಾಸಗಿ ಕಂಪನಿಗೂ ಅನ್ವಯಿಸುತ್ತವೆ, ಕಂಪನಿಯ ಒಳನಿಯಮಗಳಾದ ಆರ್ಟಿಕಲ್ಸ್‌ನಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ ಮಾತ್ರ ಅದು ನಡೆಯುತ್ತದೆ ಎಂದು ಅಧಿಸೂಚನೆ ಹೇಳುತ್ತದೆ. ತಾವು ಹೇಳಿದ ಎರಡು ಕಂಪನಿಗಳ ಆರ್ಟಿಕಲ್ಸ್‌ನಲ್ಲಿ ಏಳು ದಿನ ಎಂದು ಬರೆದಿರಬೇಕು. ಬರೆದಿಲ್ಲವಾದರೆ ಅಲ್ಲಿಯೂ ಇಪ್ಪತ್ತೊಂದೇ. ಜೊತೆಗೆ 2017ರಲ್ಲಿ ಇನ್ನೊಂದು ಷರತ್ತು ಸೇರಿತು: ಹಣಕಾಸು ಪಟ್ಟಿಗಳನ್ನೂ ವಾರ್ಷಿಕ ವಿವರಣೆಯನ್ನೂ ರಿಜಿಸ್ಟ್ರಾರ್ ಬಳಿ ಸಲ್ಲಿಸುವುದರಲ್ಲಿ ತಪ್ಪಿದ ಕಂಪನಿಗೆ ಈ ವಿನಾಯಿತಿ ಸಿಗುವುದಿಲ್ಲ.

ಹಾಗಾಗಿ ತೋಟಿಗರೇ, ಎಲ್ಲಕ್ಕಿಂತ ಮೊದಲು ನಿಮ್ಮ ಆರ್ಟಿಕಲ್ಸ್ ತೆಗೆದು ಓದಿ, ಅಲ್ಲಿ ಏನಿದೆ ಎಂದು ಇಲ್ಲಿ ತಿಳಿಸಿ. ಅದನ್ನು ನೋಡದೆ ನಾವು ಮುಂದೆ ಏನು ಹೇಳಿದರೂ ಅರ್ಧ ಉತ್ತರವೇ ಆಗುತ್ತದೆ.

ಮೂರನೇ ಮಹಡಿ, ಬೆಂಗಳೂರು

ನಮ್ಮ ಅಪಾರ್ಟ್‌ಮೆಂಟ್ ಸಂಘದಲ್ಲಿಯೂ ಇದೇ ಸಮಸ್ಯೆ. ಮನೆ ಬಾಡಿಗೆಗೆ ಕೊಟ್ಟು ಹೊರದೇಶದಲ್ಲಿರುವ ಮಾಲೀಕರ ಪ್ರಾಕ್ಸಿಗಳನ್ನು ಒಬ್ಬರೇ ಇಪ್ಪತ್ತು ಇಪ್ಪತ್ತೈದು ತರುತ್ತಾರೆ. ಅದಕ್ಕೂ ಕಾಯ್ದೆಯಲ್ಲಿ ಮಿತಿ ಇದೆಯೇ? ನಿರ್ವಹಣಾ ಶುಲ್ಕ ಬಾಕಿ ಇರುವವರು ಮತ ಹಾಕಬಹುದೇ?

ಸಿಎಸ್, ಧಾರವಾಡ

ಅಪಾರ್ಟ್‌ಮೆಂಟ್ ಸಂಘಕ್ಕೆ ಕಂಪನಿ ಕಾಯ್ದೆ ಅನ್ವಯಿಸುವುದಿಲ್ಲ. ತಮ್ಮ ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ, ಅದರ ಬೈಲಾದಲ್ಲಿ ಏನು ಬರೆದಿದೆ ಎಂಬುದೇ ಅಲ್ಲಿ ನಿರ್ಣಾಯಕ. ಬೈಲಾದ ಪ್ರತಿ ಕೈಯಲ್ಲಿ ಹಿಡಿದು ಬೇರೊಂದು ಚರ್ಚೆ ಆರಂಭಿಸಿ, ಅಲ್ಲಿ ಉತ್ತರಿಸುತ್ತೇನೆ. ಇಲ್ಲಿ ಎರಡೂ ಬೆರೆತರೆ ಮುಂದೆ ಓದುವವರು ದಾರಿ ತಪ್ಪುತ್ತಾರೆ.

ತೋಟಿಗ, ಶಿರಸಿ (ಆಗಸ್ಟ್ 13)

ಆರ್ಟಿಕಲ್ಸ್ ಓದಿದೆ ಮೇಡಂ. ಷೇರು ವರ್ಗಾವಣೆಯ ಬಗ್ಗೆ ಎರಡು ಪುಟವಿದೆ, ಸಭೆಗಳ ಬಗ್ಗೆ ಪ್ರತ್ಯೇಕವಾಗಿ ಏನೂ ಇಲ್ಲ. ‘ಟೇಬಲ್ ಎಫ್‌ನ ನಿಯಮಗಳು ಅನ್ವಯಿಸತಕ್ಕದ್ದು’ ಎಂಬ ಒಂದು ವಾಕ್ಯ ಮಾತ್ರ ಇದೆ.

ಹೋದ ವರ್ಷ ಸಭೆಗೆ ಮುಂಚೆ ‘ಕಡಿಮೆ ಅವಧಿಯ ನೋಟಿಸ್‌ಗೆ ಒಪ್ಪಿಗೆ’ ಎಂಬ ಹಾಳೆಗೆ ಕೆಲವರ ಸಹಿ ತೆಗೆದುಕೊಂಡಿದ್ದರು. ಕಡತದಲ್ಲಿ ಎಣಿಸಿದರೆ 31 ಸಹಿ ಇವೆ. ಅದರಿಂದ ದೋಷ ಸರಿಹೋಗುತ್ತದೆಯೇ?

ಸಿಎಸ್, ಧಾರವಾಡ

ಟೇಬಲ್ ಎಫ್ ಎಂದರೆ ಕಾಯ್ದೆಯಲ್ಲೇ ಕೊಟ್ಟಿರುವ ಮಾದರಿ ಆರ್ಟಿಕಲ್ಸ್. ಹಾಗಾದರೆ ಕಾಯ್ದೆಯ ಸಾಮಾನ್ಯ ನಿಯಮಗಳೇ ನಿಮಗೆ ಅನ್ವಯ, ಇಪ್ಪತ್ತೊಂದು ದಿನವೂ ಸೇರಿ.

31 ಸಹಿ ಸಾಲದು. ವಾರ್ಷಿಕ ಸಭೆಯನ್ನು ಕಡಿಮೆ ಅವಧಿಯ ನೋಟಿಸ್‌ನಲ್ಲಿ ಕರೆಯಬೇಕಾದರೆ ಮತಾಧಿಕಾರವಿರುವ ಸದಸ್ಯರಲ್ಲಿ ಶೇ. 95ಕ್ಕೆ ಕಡಿಮೆಯಿಲ್ಲದಷ್ಟು ಜನ ಬರಹದಲ್ಲಿ ಅಥವಾ ವಿದ್ಯುನ್ಮಾನ ರೀತಿಯಲ್ಲಿ ಒಪ್ಪಬೇಕು. ಇಲ್ಲಿ ಎಣಿಸುವುದು ತಲೆಗಳನ್ನು, ಷೇರುಗಳನ್ನಲ್ಲ. ಮೂವತ್ತೆಂಟರ ಶೇ. 95 ಎಂದರೆ 36.1, ಆದ್ದರಿಂದ 37 ಜನರ ಒಪ್ಪಿಗೆ ಬೇಕಿತ್ತು. ನಿಮ್ಮಂಥ ಕಂಪನಿಯಲ್ಲಿ ಇಬ್ಬರು ಒಲ್ಲೆ ಎಂದರೆ ಈ ದಾರಿ ಮುಚ್ಚಿತು.

ನಿವೃತ್ತ ಬ್ಯಾಂಕ್ ನೌಕರ, ಸಾಗರ

ಆದರೆ ಮೇಡಂ, ತೋಟಿಗರು ಸಭೆಗೆ ಬಂದಿದ್ದಾರೆ, ಕೂತಿದ್ದಾರೆ, ಕೈಯನ್ನೂ ಎತ್ತಿದ್ದಾರೆ. ಬಂದು ಭಾಗವಹಿಸಿದ ಮೇಲೆ ನೋಟಿಸ್ ಮೂರು ದಿನ ಕಡಿಮೆಯಾಯಿತೆಂದು ಹೇಳುವುದು ನ್ಯಾಯವೇ?

ಸಿಎಸ್, ಧಾರವಾಡ

ಈ ಪ್ರಶ್ನೆಯನ್ನು ನಾನು ಒಂದೇ ಮಾತಿನಲ್ಲಿ ತೀರ್ಮಾನಿಸಲಾರೆ ಸರ್. ಆಕ್ಷೇಪಣೆ ಎತ್ತದೆ ಭಾಗವಹಿಸಿದವರು ಆಮೇಲೆ ನೋಟಿಸ್‌ನ ಕೊರತೆ ಮುಂದಿಟ್ಟರೆ ಅವರ ವಾದ ದುರ್ಬಲವಾಗುತ್ತದೆ. ಆದರೆ ಬಾರದೇ ಉಳಿದ ಹದಿನಾರು ಜನರ ವಿಚಾರ ಬೇರೆ, ಅವರೆಲ್ಲರೂ ಒಪ್ಪಿದ್ದಾರೆಂದು ಹೇಳಲು ಆಧಾರವಿಲ್ಲ. ಆಕಸ್ಮಿಕವಾಗಿ ಒಬ್ಬರಿಗೆ ನೋಟಿಸ್ ತಪ್ಪಿಹೋದರೆ ಸಭೆ ಅಸಿಂಧುವಾಗುವುದಿಲ್ಲ ಎಂದು ಕಾಯ್ದೆ ಹೇಳುತ್ತದೆ ನಿಜ, ಆದರೆ ಎಲ್ಲರಿಗೂ ಕಡಿಮೆ ದಿನ ಕೊಟ್ಟದ್ದು ಆಕಸ್ಮಿಕ ತಪ್ಪಿನ ಸಾಲಿಗೆ ಸೇರುವುದು ಕಷ್ಟ. ಬೆಂಗಳೂರಿನ ಕಂಪನಿ ನ್ಯಾಯಮಂಡಳಿಯವರೆಗೆ ಹೋದರೆ ಎರಡೂ ಕಡೆಯ ವಕೀಲರಿಗೆ ವಾದಿಸಲು ಸಾಮಗ್ರಿ ಇದೆ ಎಂದಷ್ಟೇ ಹೇಳಬಲ್ಲೆ.

ಮಸ್ಕತ್ ಕನ್ನಡಿಗ

ನನ್ನದೂ ಇಂಥದೇ ಸಣ್ಣ ಕಂಪನಿಯಲ್ಲಿ ಸ್ವಲ್ಪ ಷೇರು ಇದೆ, ಊರು ಕುಮಟಾ ಕಡೆ. ಅಲ್ಲಿ ನೋಟಿಸ್ ಕಳಿಸುವುದು ವಾಟ್ಸ್ಆ್ಯಪ್ ಗುಂಪಿನಲ್ಲಿ. ಕಳೆದ ಸಲ ತಮ್ಮನಿಗೆ ಪ್ರಾಕ್ಸಿ ಕೊಟ್ಟು, ಯಂತ್ರ ಖರೀದಿಯ ಬಗ್ಗೆ ನಾಲ್ಕು ಪ್ರಶ್ನೆ ಕೇಳು ಎಂದು ಹೇಳಿ ಕಳಿಸಿದ್ದೆ. ಅವನು ಎದ್ದು ನಿಂತಾಗ ‘ನಿಮಗೆ ಮಾತನಾಡುವ ಹಕ್ಕಿಲ್ಲ’ ಎಂದು ಕೂರಿಸಿದರಂತೆ. ದುಡ್ಡು ಹಾಕಿದವನ ಪರವಾಗಿ ಬಂದವನನ್ನು ಹೀಗೆ ನಡೆಸಿಕೊಂಡದ್ದು ನನಗೆ ಬಹಳ ನೋವಾಯಿತು.

ಸಿಎಸ್, ಧಾರವಾಡ

ತಮ್ಮ ನೋವು ಅರ್ಥವಾಗುತ್ತದೆ, ಆದರೆ ಅಲ್ಲಿ ಅಧ್ಯಕ್ಷರು ಹೇಳಿದ್ದು ಕಾಯ್ದೆಯಲ್ಲಿರುವ ಮಾತೇ. ಪ್ರಾಕ್ಸಿಯಾಗಿ ಬಂದವರು ಸಭೆಯಲ್ಲಿ ಹಾಜರಿರಬಹುದು, ಪೋಲ್ ಕೇಳಬಹುದು, ಪೋಲ್‌ನಲ್ಲಿ ಮತ ಹಾಕಬಹುದು. ಮಾತನಾಡುವಂತಿಲ್ಲ, ಕೈ ಎತ್ತುವ ಮತದಲ್ಲಿ ಅವರ ಕೈ ಲೆಕ್ಕಕ್ಕಿಲ್ಲ, ಕೋರಂಗೂ ಅವರನ್ನು ಎಣಿಸುವುದಿಲ್ಲ. ತಮ್ಮ ಕಂಪನಿಯ ಆರ್ಟಿಕಲ್ಸ್‌ನಲ್ಲಿ ಬೇರೆ ರೀತಿ ಬರೆದಿದ್ದರೆ ಆ ಮಾತು ಬೇರೆ. ತಾವು ಮಾಡಬಹುದಾದದ್ದು ಇಷ್ಟು: ಪ್ರಶ್ನೆಗಳನ್ನು ಬರೆದು ಸಭೆಗೆ ಮುಂಚೆಯೇ ಕಂಪನಿಗೆ ಕಳಿಸಿ, ಸಭೆಯಲ್ಲಿ ಉತ್ತರಿಸುವಂತೆ ಕೋರಿ. 2020ರಿಂದ ಕಂಪನಿ ವ್ಯವಹಾರಗಳ ಸಚಿವಾಲಯದ ಸುತ್ತೋಲೆಗಳಡಿ ವಿಡಿಯೊ ಮೂಲಕವೂ ವಾರ್ಷಿಕ ಸಭೆ ನಡೆಸಬಹುದು. ಹಾಗೆ ನಡೆದರೆ ಮಸ್ಕತ್‌ನಿಂದ ತಾವೇ ಮಾತನಾಡಬಹುದು, ಆ ಬಗೆಯ ಸಭೆಯಲ್ಲಿ ಪ್ರಾಕ್ಸಿ ನೇಮಕ ಇರುವುದಿಲ್ಲ.

ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ್ದನ್ನು ನೋಟಿಸ್ ಎಂದು ನಾನು ಒಪ್ಪುವುದಿಲ್ಲ. ಸದಸ್ಯರು ಕಂಪನಿಗೆ ಕೊಟ್ಟಿರುವ ಇಮೇಲ್ ವಿಳಾಸಕ್ಕೆ, ಕಳಿಸಿದ ದಾಖಲೆ ಉಳಿಯುವಂತೆ ಕಳಿಸಬೇಕು ಎಂಬುದು ನಿಯಮ. ಗುಂಪಿನಲ್ಲಿ ನೆನಪಿಸಲು ಅಡ್ಡಿಯಿಲ್ಲ.

ತೋಟಿಗ, ಶಿರಸಿ

ಇಷ್ಟು ಓದಿದ ಮೇಲೆ ನನ್ನ ಏಳು ಪ್ರಾಕ್ಸಿಗಳ ಬಗ್ಗೆ ಕೇಳಲೇಬೇಕು. ಷೇರು ರಿಜಿಸ್ಟರ್ ಹಿಡಿದು ಲೆಕ್ಕ ಹಾಕಿದೆ. ಪರವಾಗಿ ಕೈ ಎತ್ತಿದ 13 ಜನರ ಬಳಿ 21,500 ಷೇರು. ವಿರೋಧಿಸಿದ ನಾವು 9 ಜನರ ಬಳಿ 20,200. ನನ್ನ ಬಳಿ ಇದ್ದ ಏಳು ಪ್ರಾಕ್ಸಿಗಳ ಷೇರು ಒಟ್ಟು 8,400. ಅದರಲ್ಲಿ ಒಬ್ಬರದೇ 2,400, ಉಳಿದ ಆರು ಜನರದು ತಲಾ 1,000. ಆ ಕಡೆಯ ನಿರ್ದೇಶಕರೊಬ್ಬರ ಬಳಿ ಮೂರು ಪ್ರಾಕ್ಸಿ, 4,000 ಷೇರು. ಪೋಲ್ ಆಗಿದ್ದರೆ ಪರ 25,500, ವಿರೋಧ 28,600. ನಿರ್ಣಯ ಬಿದ್ದುಹೋಗುತ್ತಿತ್ತು. ಹತ್ತು ನಿಮಿಷ ತಡವಾಗಿ ಕೇಳಿದ್ದಕ್ಕೆ ಇಷ್ಟೆಲ್ಲ ಕಳೆದುಕೊಂಡೆವೇ?

ಸಿಎಸ್, ಧಾರವಾಡ

ಹೌದು, ಆ ಹತ್ತು ನಿಮಿಷವೇ ಕಾರಣ. ಕೈ ಎತ್ತಿದ ಮತದ ಫಲಿತಾಂಶ ಘೋಷಿಸುವ ಮೊದಲು ಅಥವಾ ಘೋಷಿಸುತ್ತಿದ್ದಂತೆಯೇ ಪೋಲ್ ಕೇಳಬೇಕು. ಅಧ್ಯಕ್ಷರು ಘೋಷಿಸಿ, ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದ ಮೇಲೆ, ಎಷ್ಟು ಕೈ ಎದ್ದವು ಎಂಬ ಸಾಕ್ಷ್ಯವಿಲ್ಲದೆಯೇ ಆ ಘೋಷಣೆ ನಿರ್ಣಾಯಕ ಪುರಾವೆಯಾಗುತ್ತದೆ. ಮುಂದಿನ ವಿಷಯಕ್ಕೆ ಹೋದ ನಂತರ ನೀವು ಕೇಳಿದ್ದನ್ನು ನಿರಾಕರಿಸಿದ್ದು ತಪ್ಪಲ್ಲ. ಆದರೆ ಅಧ್ಯಕ್ಷರು ತಾವಾಗಿಯೇ ಪೋಲ್‌ಗೆ ಆದೇಶಿಸಬಹುದು. ಎರಡೂ ಕಡೆ ಪ್ರಾಕ್ಸಿಗಳಿವೆ ಎಂದು ಕಚೇರಿಗೆ ಎರಡು ದಿನ ಮುಂಚೆಯೇ ಗೊತ್ತಿದ್ದಾಗ, ಕೈ ಎಣಿಸಿ ಮುಗಿಸಿದ್ದು ಒಳ್ಳೆಯ ಅಧ್ಯಕ್ಷತೆ ಅಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಪೋಲ್ ಕೇಳಲು ದೊಡ್ಡ ಬಲವೂ ಬೇಕಾಗಿರಲಿಲ್ಲ. ಒಟ್ಟು ಮತಬಲದ ಹತ್ತನೇ ಒಂದು ಭಾಗ ಅಥವಾ ಐದು ಲಕ್ಷ ರೂಪಾಯಿ ಪಾವತಿಯಾದ ಷೇರು, ಇವೆರಡರಲ್ಲಿ ಒಂದಿದ್ದರೆ ಸಾಕು. ನಿಮ್ಮ ಕಂಪನಿಯಲ್ಲಿ 5,000 ಷೇರು ಇರುವವರು ಸೇರಿ ಕೇಳಿದರೆ ಅಧ್ಯಕ್ಷರು ಪೋಲ್ ಮಾಡಲೇಬೇಕು. ಅಧ್ಯಕ್ಷರ ಆಯ್ಕೆ ಅಥವಾ ಸಭೆಯ ಮುಂದೂಡಿಕೆಯ ಪ್ರಶ್ನೆಯಾದರೆ ಆಗಿಂದಾಗಲೇ, ಉಳಿದ ವಿಷಯಗಳಿಗೆ ಕೇಳಿದ 48 ಗಂಟೆಯೊಳಗೆ. ಅಧ್ಯಕ್ಷರು ಮತಪರಿಶೀಲಕರನ್ನು ನೇಮಿಸಬೇಕು, ಮತಪತ್ರಗಳನ್ನು ಅವರೇ ಎಣಿಸಿ ವರದಿ ಕೊಡಬೇಕು.

ಆದರೆ ನಿಮ್ಮ 8,400ರ ಲೆಕ್ಕದಲ್ಲಿ ಒಂದು ತೊಡಕಿದೆ. ಒಬ್ಬ ವ್ಯಕ್ತಿ ಐವತ್ತಕ್ಕಿಂತ ಹೆಚ್ಚು ಸದಸ್ಯರಿಗೆ ಪ್ರಾಕ್ಸಿಯಾಗುವಂತಿಲ್ಲ, ಮತ್ತು ಅವರೆಲ್ಲರ ಷೇರು ಸೇರಿ ಮತಾಧಿಕಾರವಿರುವ ಬಂಡವಾಳದ ಶೇ. 10 ಮೀರುವಂತಿಲ್ಲ. ನಿಮ್ಮಲ್ಲಿ ಆ ಮಿತಿ 6,000 ಷೇರು. ನೀವು ಮಿತಿ ಮೀರಿದ್ದಿರಿ.

ಆಡಿಟ್ ಮನೆ

ಹಾಗಾದರೆ ಏಳು ಪ್ರಾಕ್ಸಿಗಳೂ ತಿರಸ್ಕೃತ ಎಂದಾಗುತ್ತದೆ. ಆಗ ವಿರೋಧ 20,200 ಮಾತ್ರ, ಪರ 25,500. ಪೋಲ್ ಆಗಿದ್ದರೂ ನಿರ್ಣಯ ಗೆಲ್ಲುತ್ತಿತ್ತು.

ಸಿಎಸ್, ಧಾರವಾಡ

ಅಷ್ಟು ದೂರ ಹೋಗಲು ನಾನು ಸಿದ್ಧಳಿಲ್ಲ. 2,400 ಷೇರಿನ ಒಂದು ಪ್ರಾಕ್ಸಿಯನ್ನು ಬದಿಗಿಟ್ಟರೆ ಉಳಿದ ಆರು ಸರಿಯಾಗಿ 6,000 ಆಗುತ್ತವೆ, ಅದು ಮಿತಿಯೊಳಗೇ ಇದೆ. ಆಗ ವಿರೋಧ 26,200, ಪರ 25,500. ನಿರ್ಣಯ 700 ಮತಗಳಿಂದ ಸೋಲುತ್ತದೆ. ಸದಸ್ಯರ ಸಂಖ್ಯೆ ಐವತ್ತು ಮೀರಿದರೆ ಯಾವ ಐವತ್ತು ಎಂದು ಪ್ರಾಕ್ಸಿಯೇ ಆರಿಸಿ ಮುಂಚಿತವಾಗಿ ತಿಳಿಸಬೇಕು, ತಿಳಿಸದಿದ್ದರೆ ಮೊದಲು ಬಂದ ಐವತ್ತನ್ನು ಕಂಪನಿ ಸ್ವೀಕರಿಸಬೇಕು ಎಂದು ಕಾರ್ಯದರ್ಶಿಗಳ ಸಂಸ್ಥೆಯ ಎಸ್‌ಎಸ್-2 ಮಾನದಂಡ ಹೇಳುತ್ತದೆ. ಶೇ. 10 ಮೀರಿದಾಗಲೂ ಅದೇ ನ್ಯಾಯ ಎಂದು ನಾನು ವಾದಿಸುತ್ತೇನೆ, ಆದರೆ ಅದು ನನ್ನ ವಾದ.

ಆಡಿಟ್ ಮನೆ

ಮಾನದಂಡ ಐವತ್ತರ ಬಗ್ಗೆ ಮಾತ್ರ ಹೇಳಿ ಶೇ. 10ರ ಬಗ್ಗೆ ಸುಮ್ಮನಿದೆ ಎಂದರೆ, ಆ ರಿಯಾಯಿತಿ ಇದಕ್ಕೆ ಇಲ್ಲ ಎಂದೇ ನಾನು ಓದುತ್ತೇನೆ. ಯಾವುದನ್ನು ಬಿಡಬೇಕೆಂದು ಸಭೆಯ ಹೊತ್ತಿಗೆ ಆರಿಸುವ ಅವಕಾಶ ಕೊಟ್ಟರೆ ಫಲಿತಾಂಶವನ್ನೇ ಆರಿಸಲು ಬಿಟ್ಟಂತೆ. ಈ ವಿಷಯದಲ್ಲಿ ನಾವಿಬ್ಬರೂ ಒಪ್ಪುವುದಿಲ್ಲ ಎಂದು ಕಾಣುತ್ತದೆ ಮೇಡಂ.

ಸಿಎಸ್, ಧಾರವಾಡ

ಒಪ್ಪಬೇಕಾಗಿಲ್ಲ. ತೋಟಿಗರು ಈ ವರ್ಷ ಆ ಪ್ರಶ್ನೆಯೇ ಏಳದಂತೆ ಮಾಡಬಹುದು. ಏಳು ಜನರ ಪ್ರಾಕ್ಸಿಯನ್ನು ಇಬ್ಬರ ಹೆಸರಿಗೆ ಹಂಚಿ ಬರೆಸಿದರೆ ಯಾರೊಬ್ಬರೂ 6,000 ಮೀರುವುದಿಲ್ಲ.

ಪ್ರಾಕ್ಸಿ ಪತ್ರಗಳ ಬಗ್ಗೆ ಇನ್ನೂ ಮೂರು ಮಾತು. ಎಂಜಿಟಿ-11 ನಮೂನೆಯಲ್ಲಿ ಬರೆದ ಪತ್ರ ಸಭೆಗೆ 48 ಗಂಟೆ ಮುಂಚೆ, ಅಂದರೆ ಸೆಪ್ಟೆಂಬರ್ 25ರ ಗುರುವಾರ ಬೆಳಿಗ್ಗೆ 11ರೊಳಗೆ ನೋಂದಾಯಿತ ಕಚೇರಿಗೆ ತಲುಪಬೇಕು. ಸ್ವೀಕರಿಸಿದ ಗಂಟೆಯನ್ನು ಪ್ರತಿಯೊಂದರ ಮೇಲೂ ಬರೆಯಿರಿ. ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಅಡ್ಡ ಸಹಿ ಹಾಕಿರಬೇಕು. ಸ್ಟಾಂಪ್ ಇದ್ದೂ ಸಹಿ ಅದರ ಪಕ್ಕದಲ್ಲೆಲ್ಲೋ ಬಿದ್ದಿದ್ದಕ್ಕೆ ಪತ್ರಗಳು ತಿರಸ್ಕೃತವಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮತ್ತೆ, ಸದಸ್ಯರು ಪ್ರಾಕ್ಸಿ ನೇಮಿಸಬಹುದು, ಆ ವ್ಯಕ್ತಿ ಸದಸ್ಯನೇ ಆಗಿರಬೇಕಾಗಿಲ್ಲ ಎಂಬ ವಾಕ್ಯ ನೋಟಿಸ್‌ನಲ್ಲಿ ಎದ್ದು ಕಾಣುವಂತೆ ಇರಲೇಬೇಕು.

ಸದಸ್ಯರು ಬಂದ ಪ್ರಾಕ್ಸಿಗಳನ್ನು ಪರಿಶೀಲಿಸಲೂಬಹುದು. ಮೂರು ದಿನ ಮುಂಚೆ ಬರಹದಲ್ಲಿ ತಿಳಿಸಿದರೆ, ಸಭೆ ಆರಂಭವಾಗುವ 24 ಗಂಟೆ ಮುಂಚಿನಿಂದ ಸಭೆ ಮುಗಿಯುವವರೆಗೆ ಕಚೇರಿ ವೇಳೆಯಲ್ಲಿ ನೋಡಲು ಬಿಡಬೇಕು. ಎರಡು ಪಂಗಡಗಳಿರುವ ಕಡೆ ಎರಡೂ ಕಡೆಯವರಿಗೆ ಇದನ್ನು ಮೊದಲೇ ತಿಳಿಸಿಬಿಡಿ.

ಹೊನ್ನಾವರದ ಓದುಗಿ

ಮಧ್ಯೆ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ನಮ್ಮ ತಂದೆಯವರು ಹೋದ ಮಾಘದಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ ಒಂದು ಕಂಪನಿಯ ಷೇರುಗಳಿವೆ, ಇನ್ನೂ ನಮ್ಮ ತಾಯಿಯ ಹೆಸರಿಗೆ ಆಗಿಲ್ಲ. ಅಮ್ಮನಿಗೆ ಸಭೆಯ ನೋಟಿಸ್ ಬಂದಿದೆ. ನೋಟಿಸ್ ಕಳಿಸಿದ್ದಾರೆಂದರೆ ಅಮ್ಮ ಮತ ಹಾಕಬಹುದು ಎಂದೇ ಅರ್ಥವಲ್ಲವೇ?

ಸಿಎಸ್, ಧಾರವಾಡ

ದುರದೃಷ್ಟವಶಾತ್ ಹಾಗಲ್ಲ ಅಮ್ಮ. ತೀರಿಕೊಂಡ ಸದಸ್ಯರ ವಾರಸುದಾರರಿಗೆ ನೋಟಿಸ್ ಕಳಿಸುವುದು ಕಂಪನಿಯ ಕರ್ತವ್ಯ, ಅದನ್ನು ಅವರು ಸರಿಯಾಗಿ ಮಾಡಿದ್ದಾರೆ. ಆದರೆ ಟೇಬಲ್ ಎಫ್ ಪ್ರಕಾರ ನಡೆಯುವ ಕಂಪನಿಯಲ್ಲಿ, ಷೇರುಗಳು ಅವರ ಹೆಸರಿಗೆ ನೋಂದಣಿಯಾಗುವವರೆಗೆ ಸಭೆಯ ಹಕ್ಕುಗಳು ಸಿಗುವುದಿಲ್ಲ, ಲಾಭಾಂಶ ಮಾತ್ರ ಸಲ್ಲುತ್ತದೆ. ಮರಣ ಪತ್ರ ಮತ್ತು ವಾರಸು ದಾಖಲೆಗಳೊಂದಿಗೆ ಹೆಸರು ಬದಲಾವಣೆಗೆ ಈಗಲೇ ಅರ್ಜಿ ಕೊಡಿ.

ತೋಟಿಗ, ಶಿರಸಿ (ಆಗಸ್ಟ್ 16)

ಉಳಿದದ್ದು ನಡಾವಳಿ. ನಾವು ಒಂಬತ್ತು ಜನ ಕೈ ಎತ್ತಿ ವಿರೋಧಿಸಿದ್ದನ್ನು ‘ಸರ್ವಾನುಮತ’ ಎಂದು ಬರೆದದ್ದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿದೆ. ಸೋತದ್ದಕ್ಕೆ ಬೇಸರವಿಲ್ಲ, ವಿರೋಧವೇ ಇರಲಿಲ್ಲ ಎಂದು ಪುಸ್ತಕದಲ್ಲಿ ಉಳಿಯಬಾರದು. ಈಗ ಅದನ್ನು ಹೊಡೆದು ತಿದ್ದಿಸಬಹುದೇ?

ಸಿಎಸ್, ಧಾರವಾಡ

ಹೊಡೆದು ತಿದ್ದುವಂತಿಲ್ಲ. ಸಹಿಯಾದ ನಡಾವಳಿಯಲ್ಲಿ ಒಂದು ಅಕ್ಷರವನ್ನೂ ಹಾಗೆ ಮುಟ್ಟಬಾರದು. ಮುಂದಿನ ಸಭೆಯಲ್ಲಿ ಆ ಬಗ್ಗೆ ಸ್ಪಷ್ಟ ನಿರ್ಣಯ ಮಾಡಿ, ಆ ಹೊಸ ಸಭೆಯ ನಡಾವಳಿಯಲ್ಲಿ ಅದನ್ನು ಬರೆಯಬೇಕು. ಅದಕ್ಕಾಗಿ ವಿಷಯವನ್ನು ಈ ಸಲದ ನೋಟಿಸ್‌ನಲ್ಲೇ ಸೇರಿಸಿ, ವಿಶೇಷ ವಿಷಯವಾದ್ದರಿಂದ ವಿವರಣಾ ಟಿಪ್ಪಣಿಯನ್ನೂ ಲಗತ್ತಿಸಿ.

ಸಹಿಯ ದಿನಾಂಕದಲ್ಲಿಯೂ ತಪ್ಪಿದೆ. ಸಭೆ ಮುಗಿದ ಮೂವತ್ತು ದಿನದೊಳಗೆ ನಡಾವಳಿಯನ್ನು ಪುಸ್ತಕದಲ್ಲಿ ದಾಖಲಿಸಿ, ಅದೇ ಸಭೆಯ ಅಧ್ಯಕ್ಷರು ಪ್ರತಿ ಪುಟಕ್ಕೆ ಕಿರುಸಹಿ, ಕೊನೆಯ ಪುಟಕ್ಕೆ ದಿನಾಂಕದೊಂದಿಗೆ ಪೂರ್ಣ ಸಹಿ ಹಾಕಬೇಕು. ನಿಮಗೆ ಗಡುವು ಅಕ್ಟೋಬರ್ 30 ಇತ್ತು, ಹದಿನೈದು ದಿನ ಮೀರಿದೆ. ಇದಕ್ಕೆ ಕಂಪನಿಗೆ 25,000 ರೂಪಾಯಿ, ತಪ್ಪಿತಸ್ಥ ಅಧಿಕಾರಿಗಳಿಗೆ ತಲಾ 5,000 ರೂಪಾಯಿ ದಂಡ ಇದೆ. ದಂಡಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನಿಯಮದಂತೆ ಇಟ್ಟ ನಡಾವಳಿಯನ್ನು, ತಪ್ಪೆಂದು ಸಾಬೀತಾಗುವವರೆಗೆ ನಿಜವೆಂದು ನಂಬಲಾಗುತ್ತದೆ. ತಡವಾಗಿ ಸಹಿಯಾದ ಪುಸ್ತಕ ಆ ರಕ್ಷಣೆಯನ್ನು ಕೇಳಲು ಹೋದರೆ ಪ್ರಶ್ನೆಗಳು ಏಳುತ್ತವೆ.

ಏನು ಬರೆಯಬೇಕು ಎಂದರೆ, ಯಾರು ಏನು ಮಾತನಾಡಿದರು ಎಂಬ ಪೂರ್ಣ ಪಾಠ ಬೇಕಿಲ್ಲ. ಖುದ್ದು ಬಂದವರೆಷ್ಟು, ಪ್ರಾಕ್ಸಿಗಳೆಷ್ಟು, ಅವು ಎಷ್ಟು ಷೇರುಗಳದು, ಕೋರಂ ಇತ್ತೇ, ಪ್ರತಿ ನಿರ್ಣಯದ ಸೂಚಕರು ಅನುಮೋದಕರು ಯಾರು, ಯಾವ ಬಹುಮತದಿಂದ ಅಂಗೀಕಾರವಾಯಿತು, ಪೋಲ್ ಆದರೆ ಪರ ವಿರೋಧದ ಮತಗಳೆಷ್ಟು, ಇಷ್ಟು ಸ್ಪಷ್ಟವಾಗಿರಬೇಕು. ಮಾನಹಾನಿಕರ ಅಥವಾ ಅಪ್ರಸ್ತುತ ಮಾತನ್ನು ಬಿಡುವ ಅಧಿಕಾರ ಅಧ್ಯಕ್ಷರಿಗಿದೆ, ಆದರೆ ಒಂಬತ್ತು ವಿರೋಧ ಮತಗಳನ್ನು ಇಲ್ಲವಾಗಿಸುವುದು ಆ ಅಧಿಕಾರದೊಳಗೆ ಬರುವುದಿಲ್ಲ. ಇನ್ನು, ಕಂಪ್ಯೂಟರ್‌ನಲ್ಲಿ ಮುದ್ರಿಸಿದ ಹಾಳೆಯನ್ನು ಬೈಂಡ್ ಪುಸ್ತಕಕ್ಕೆ ಅಂಟಿಸುವ ಅಭ್ಯಾಸ ನಿಮ್ಮಲ್ಲಿದ್ದರೆ ನಿಲ್ಲಿಸಿ, ಅದು ನಿಷಿದ್ಧ.

ತೋಟಿಗ, ಶಿರಸಿ (ಆಗಸ್ಟ್ 19)

ನಿನ್ನೆ ನಿರ್ದೇಶಕರ ಸಭೆಯಲ್ಲಿ ಇದೆಲ್ಲವನ್ನೂ ಮುಂದಿಟ್ಟೆ. ನೋಟಿಸ್‌ಗಳನ್ನು ಸೆಪ್ಟೆಂಬರ್ 1ರಂದೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುವುದು, ನಿರ್ದೇಶಕರ ನೇಮಕದ ನಿರ್ಣಯಕ್ಕೆ ಅಧ್ಯಕ್ಷರು ತಾವಾಗಿಯೇ ಪೋಲ್ ಆದೇಶಿಸುವುದು, ಎರಡೂ ಪಂಗಡಗಳಿಗೆ ಸೇರದ ಇಬ್ಬರನ್ನು ಮತಪರಿಶೀಲಕರಾಗಿ ಕರೆಯುವುದು ಎಂದು ತೀರ್ಮಾನವಾಯಿತು. ‘ಸರ್ವಾನುಮತ’ದ ಬಗ್ಗೆ ಸ್ಪಷ್ಟನೆಯ ನಿರ್ಣಯಕ್ಕೆ ಇಬ್ಬರು ನಿರ್ದೇಶಕರು ಒಪ್ಪಿದ್ದಾರೆ, ಒಬ್ಬರು ವಿರೋಧಿಸಿದ್ದಾರೆ, ಆದರೂ ವಿಷಯಸೂಚಿಯಲ್ಲಿ ಸೇರುತ್ತದೆ. ಶೇ. 10ರ ಬಗ್ಗೆ ಮಾತ್ರ ನೀವಿಬ್ಬರೂ ಹೇಳಿದ್ದನ್ನು ಓದಿ ಹೇಳಿದೆ, ಅಲ್ಲಿಯೂ ಎರಡು ಅಭಿಪ್ರಾಯಗಳೇ ಬಂದವು.

ಸಿಎಸ್, ಧಾರವಾಡ

ಸಂತೋಷ. ಒಂದು ಮಾತು ಮರೆತಿದ್ದೆ. ಆ 38 ಲಕೋಟೆಗಳ ಜೊತೆಗೆ ಸದಸ್ಯರಲ್ಲದ ನಿರ್ದೇಶಕರು ಯಾರಾದರೂ ಇದ್ದರೆ ಅವರಿಗೂ, ಲೆಕ್ಕಪರಿಶೋಧಕರಿಗೂ ನೋಟಿಸ್ ಹೋಗಬೇಕು. ಪಟ್ಟಿ ಮಾಡುವಾಗ ಷೇರು ರಿಜಿಸ್ಟರ್ ಮಾತ್ರ ನೋಡಿದರೆ ಅವರು ಬಿಟ್ಟುಹೋಗುತ್ತಾರೆ.